ಪಂಪಿನ ಚಿತ್ರದಲ್ಲಿ ನಾನು ಬಿಟ್ಟ ತಪ್ಪು

ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಹೇಳಲಿಲ್ಲ. ಅಚ್ಚಿಗೆ ಹೋಗುವ ಮೊದಲು ನನ್ನ ತಂಗಿ ಪಂಪಿನ ಚಿತ್ರದ ಹಾಳೆಗಳನ್ನು ನನ್ನ ಕೈಗಿಟ್ಟು, "ಸರಿ ಐತೇನು ನೋಡಕ್ಕಾ" ಎಂದು ಕೇಳಿದಳು. ನಾನು "ಸರಿ ಐತಿ" ಎಂದೆ. ಅವಳು ನನ್ನನ್ನು ನಂಬಿ ಹೋದಳು.

ಮೂಡಲಗಿಯಲ್ಲಿ ನಮ್ಮದು ನೀರಿನ ಪಂಪು ರಿಪೇರಿ ಮಾಡುವ ಅಂಗಡಿ. ಅಪ್ಪ ಶುರು ಮಾಡಿದ್ದು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಅಪ್ಪನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಡುತ್ತ ಕೊಡುತ್ತ ಕೆಲಸ ಕಲಿತೆ. ಅಪ್ಪ ಹೋದ ಮೇಲೆ ಅಂಗಡಿ ನನ್ನದಾಯಿತು. ಈಗಲೂ ಹೊಸ ಗಿರಾಕಿ ಬಂದರೆ ಬಾಗಿಲಲ್ಲೇ ನಿಂತು ಕೇಳುತ್ತಾನೆ:

"ಯವ್ವಾ, ಮಿಸ್ತ್ರಿ ಎಲ್ಲಿ ಹೋಗ್ಯಾನ?"

"ಎಲ್ಲೂ ಹೋಗಿಲ್ರಿ, ನಿಮ್ಮ ಮುಂದನ ಅದಾಳ. ಪಂಪ್ ಇಳಸ್ರಿ."

ಅಪ್ಪ ಕಲಿಸಿದ ಎರಡು ಪದ್ಧತಿಗಳನ್ನು ನಾನು ಒಂದು ದಿನವೂ ಬಿಟ್ಟಿಲ್ಲ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು, ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ. ಇನ್ನೊಂದು, ನುಣುಪಾದ ಮುಖ ಇರುವ ಭಾಗವನ್ನು ಮುಖ ಮೇಲೆ ಮಾಡಿಯೇ ಇಡಬೇಕು. ಗೋಣಿಯ ಮೇಲಿನ ಒಂದು ಮಣ್ಣಿನ ಕಣ ತಾಗಿ ಗೀರು ಬಿದ್ದರೂ ಅದು ಕೆಲಸಕ್ಕೆ ಬಾರದು.

ತಂಗಿ ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಡಿಪ್ಲೊಮಾ ಓದಿದಳು. ಹುಕ್ಕೇರಿಯಲ್ಲಿ ರೈತರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಅವಳನ್ನು ಆರು ತಿಂಗಳು ನೋಡುತ್ತೇವೆ ಎಂದು ತೆಗೆದುಕೊಂಡಿದ್ದರು. ಯಂತ್ರಗಳನ್ನು ತಿಳಿಸಿಕೊಡುವ ಚಿಕ್ಕ ಚಿಕ್ಕ ಪುಸ್ತಕಗಳನ್ನು ತರುವುದು ಅವರ ಯೋಜನೆ. ಮೊದಲನೆಯದು ಮೊನೊಬ್ಲಾಕ್ ಪಂಪಿನ ಮೇಲೆ, ಅಂದರೆ ಮೋಟಾರು ಪಂಪು ಒಂದೇ ಶಾಫ್ಟಿನ ಮೇಲೆ ಇರುವಂಥದ್ದು. ಅದು ಚೆನ್ನಾಗಿ ಬಂದರೆ ಮುಂದಿನ ಪುಸ್ತಕಗಳೂ ಅವಳವೇ, ಕೆಲಸವೂ ಕಾಯಂ.

ಚಿತ್ರ ಬರೆಯುವವನು ಗೋಕಾಕದವನು. ಬಿಚ್ಚಿದ ಪಂಪನ್ನು ಅವನು ಒಮ್ಮೆಯೂ ಕಂಡವನಲ್ಲ. ಚಿತ್ರದಲ್ಲಿ ಏನೇನು ಎಲ್ಲೆಲ್ಲಿರಬೇಕು, ಯಾವುದು ಯಾವ ಕಡೆ ಮುಖ ಮಾಡಿರಬೇಕು ಎಂದು ತಂಗಿ ಮಾತಿನಲ್ಲಿ ಬರೆದು ಕೊಡಬೇಕು, ಅವನು ಅದರಂತೆ ಬರೆಯಬೇಕು. ಅದಕ್ಕಾಗಿಯೇ ಅವಳು ಒಂದು ರವಿವಾರ ಅಂಗಡಿಗೆ ಬಂದು ನನ್ನೆದುರು ಕೂತಳು.

"ಎರಡು ಚಿತ್ರ ಬೇಕಕ್ಕಾ. ಒಂದು ಸೀಳಿದ್ದು, ಒಂದು ಬಿಡಿಸಿಟ್ಟಿದ್ದು."

"ಪಂಪ್ ಏನ್ ಕಲ್ಲಂಗಡಿ ಹಣ್ಣೇನ, ಸೀಳಾಕ?"

ಅವಳು ನಕ್ಕು ತಿಳಿಸಿದಳು. ಸೀಳು ಚಿತ್ರದಲ್ಲಿ ಪಂಪಿನ ಕಾಲು ಭಾಗವನ್ನು ಕತ್ತರಿಸಿ ತೆಗೆದಂತೆ ತೋರಿಸುತ್ತಾರೆ. ಕೊಯ್ದ ಅಂಚಿಗೆಲ್ಲ ಕೆಂಪು ಬಣ್ಣ. ನೀರು ಇಂಪೆಲ್ಲರು ಎಂಬ ಚಕ್ರದ ನಡುವಿನ ಬಾಯಿಗೆ ಬರುವುದು, ಅದರ ರೆಕ್ಕೆಗಳು ತಿರುಗಿ ನೀರನ್ನು ಹೊರಕ್ಕೆ ಎಸೆಯುವುದು, ಬಸವನಹುಳುವಿನ ಚಿಪ್ಪಿನಂಥ ಹೊರಕವಚದಲ್ಲಿ ಸುತ್ತಿ ಅದು ಮೇಲಿನ ಪೈಪಿಗೆ ಏರುವುದು, ಎಲ್ಲ ಬಾಣಗಳಲ್ಲಿ ಕಾಣುತ್ತದೆ. ಶಾಫ್ಟನ್ನು ಮಾತ್ರ ಕೊಯ್ಯುವುದಿಲ್ಲ. ಯಾಕೆಂದು ಕೇಳಿದೆ. "ಅದು ಗಟ್ಟಿ ಸಲಾಕಿ. ಕೊಯ್ದ್ರ ಒಳಗೇನ ಕಾಣ್ತೈತಿ?" ಎಂದಳು. ಖರೆ ಅನ್ನಿಸಿತು.

ಬಿಡಿಸಿಟ್ಟ ಚಿತ್ರವನ್ನು ಮಾತ್ರ ಅವಳು ನನಗೆ ತಿಳಿಸಬೇಕಾಗಲಿಲ್ಲ. ಭಾಗಗಳನ್ನೆಲ್ಲ ಒಂದರಿಂದ ಒಂದು ದೂರ ಸರಿಸಿ, ನಡುವೆ ಒಂದು ತುಂಡುಗೆರೆ ಎಳೆದು, ಅದರ ಮೇಲೆ ಪೋಣಿಸಿದ ಹಾಗೆ ತೋರಿಸುವುದು. ನನ್ನ ಗೋಣಿಚೀಲವೇ ಅದು.

ಪಂಪು ಬಿಚ್ಚಿದೆ. ಹೊರಕವಚ, ಪ್ಯಾಕಿಂಗು, ನಟ್ಟು, ಇಂಪೆಲ್ಲರು, ಸೀಲಿನ ತಿರುಗುವ ಭಾಗ, ಆಮೇಲೆ ಹಿಂಬದಿಯ ತಟ್ಟೆ, ಕೊನೆಗೆ ಮೋಟಾರು. ಸೀಲು ಅಂದರೆ ಪಂಪಿನ ನೀರು ಮೋಟಾರಿನ ಕಡೆ ಹೋಗದಂತೆ ತಡೆಯುವ ಜೋಡಿ. ಒಂದು ಬಿಳಿ ಬಳೆ ತಟ್ಟೆಯಲ್ಲಿ ಅಲುಗಾಡದೆ ಕೂತಿರುತ್ತದೆ. ಇನ್ನೊಂದು ಕರಿ ಬಳೆ, ಬೆನ್ನಿಗೆ ಸ್ಪ್ರಿಂಗು, ಶಾಫ್ಟಿನ ಜೊತೆ ತಿರುಗುತ್ತದೆ. ಇಂಪೆಲ್ಲರು ಸ್ಪ್ರಿಂಗನ್ನು ಒತ್ತುತ್ತದೆ, ಸ್ಪ್ರಿಂಗು ಕರಿ ಮುಖವನ್ನು ಬಿಳಿ ಮುಖಕ್ಕೆ ಒತ್ತುತ್ತದೆ. ನುಣುಪಾದ ಆ ಎರಡು ಮುಖ ಕೂಡಿದ ಕಡೆ ನೀರಿಗೆ ದಾರಿಯಿಲ್ಲ.

ನನ್ನ ಪದ್ಧತಿಯಂತೆ ಎರಡನ್ನೂ ಮುಖ ಮೇಲೆ ಮಾಡಿ ಇಟ್ಟೆ. ತಂಗಿ ಫೋನಿನಲ್ಲಿ ಫೋಟೊ ಹೊಡೆದುಕೊಂಡಳು, ಹೆಸರು ಬರೆದುಕೊಂಡಳು, ನನ್ನ ಕೈಯ ಚಹಾ ಕುಡಿದು ಬಸ್ಸು ಹತ್ತಿದಳು.

ಹತ್ತು ದಿನದ ಮೇಲೆ ಹಾಳೆಗಳನ್ನು ತಂದಳು. ನಾನು ಬೆರಳಿಟ್ಟು ಓದಿದೆ. ಗೋಕಾಕದವನ ಕೈ ಒಳ್ಳೆಯದು, ಇಂಪೆಲ್ಲರಿನ ಬಾಗು ಸಹ ಸರಿಯಾಗಿ ಬಂದಿತ್ತು. ಬಿಡಿಸಿಟ್ಟ ಚಿತ್ರದ ಕೆಳಗೆ ತಂಗಿಯ ಬರಹ: "ಬಿಳಿ ಬಳೆ, ಕರಿ ಬಳೆ, ಎರಡರ ನಯ ಮುಖವೂ ಹೊರಕವಚದ ಕಡೆಗೆ." ಚಿತ್ರದಲ್ಲೂ ಹಾಗೆಯೇ ಇತ್ತು. ಕರಿ ಮುಖ ಇಂಪೆಲ್ಲರನ್ನು ನೋಡುತ್ತಿತ್ತು, ಸ್ಪ್ರಿಂಗು ಬಿಳಿ ಬಳೆಯ ಮೇಲೆ ಬಂದಿತ್ತು.

ಹೇಗಾಯಿತೆಂದು ನನಗೆ ಕೂಡಲೇ ಹೊಳೆಯಿತು. ಗೋಣಿಯ ಮೇಲೆ ಎರಡೂ ಮುಖ ಮೇಲೆ ನೋಡುತ್ತಿರುತ್ತವೆ. ಪಂಪಿನೊಳಗೆ ಒಂದನ್ನೊಂದು ನೋಡುತ್ತವೆ. ಮಿಸ್ತ್ರಿಯ ಕೈ ತಾನಾಗಿಯೇ ಕರಿ ಬಳೆಯನ್ನು ತಿರುವಿ ಹಾಕುತ್ತದೆ, ಬಾಯಿ ಅದನ್ನು ಹೇಳುವುದಿಲ್ಲ. ನಾನು ಹೇಳಿರಲಿಲ್ಲ, ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೊದಲ ಪುಟದ ಸಾಲು ಕಂಡಿತು. "ಈ ಚಿತ್ರ ನೋಡಿ ರೈತರು ಪಂಪನ್ನು ತಾವೇ ಬಿಚ್ಚಿ ಸೀಲ್ ಬದಲಿಸಬಹುದು. ಅಂಗಡಿಗೆ ಒಯ್ಯುವ ಅಗತ್ಯವಿಲ್ಲ."

ನಮ್ಮ ಅಂಗಡಿಗೆ ಬರುವ ಪಂಪುಗಳಲ್ಲಿ ಅರ್ಧಕ್ಕರ್ಧ ಸೀಲಿನ ಕೆಲಸದವು. ರೈತರೇ ಸೀಲು ಬದಲಿಸಲಿ ಎಂದು ಬರೆಯುತ್ತಿದ್ದೇನೆ ಎಂದು ಇವಳು ನನಗೆ ಹೇಳಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಕೂತು, ನನ್ನ ಕೈ ನೋಡಿ, ನನ್ನ ಹೊಟ್ಟೆಯ ಮೇಲೆ ಹೊಡೆಯುವಂಥದ್ದನ್ನು ಬರೆದುಕೊಂಡು ಹೋಗಿದ್ದಳು ಅನ್ನಿಸಿತು. ಒಡಹುಟ್ಟಿದವಳೇ ನಂಬಿಸಿ ಕುತ್ತಿಗೆ ಕೊಯ್ದಳು ಅನ್ನಿಸಿತು. ಜಗಳವಾಡಬಹುದಿತ್ತು, ಕೇಳಬಹುದಿತ್ತು. ಅದಾವುದನ್ನೂ ಮಾಡಲಿಲ್ಲ. ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟು "ಸರಿ ಐತಿ" ಎಂದೆ.

"ನೀ ಸರಿ ಅಂದ್ರ ನಮ್ಮ ಸಂಸ್ಥೆ ಸಾಹೇಬ್ರು ಸಹಿ ಹಾಕ್ತಾರಂತ. ನಿನ್ನ ಮ್ಯಾಲ ಅಷ್ಟು ಭರವಸೆ ಐತಿ ಅವರಿಗೆ" ಎಂದು ಖುಷಿಯಾಗಿ ಹೇಳಿ ಹೋದಳು.

ಪುಸ್ತಕ ಅಚ್ಚಾಯಿತು. ಮಸಗುಪ್ಪಿಯ ಒಂದು ತೋಟದ ಹೊಂಡದ ದಂಡೆಯಲ್ಲಿ ಅದರ ಪರೀಕ್ಷೆ ಇಟ್ಟರು. ಯಾರೂ ಏನೂ ಹೇಳಿಕೊಡಬಾರದು, ರೈತರೇ ಚಿತ್ರ ನೋಡಿಕೊಂಡು ಪಂಪು ಜೋಡಿಸಬೇಕು. ಪಂಪು ನನ್ನ ಅಂಗಡಿಯದೇ, ಅದರ ಜೊತೆ ನಾನೂ ಹೋಗಿದ್ದೆ. ಇಪ್ಪತ್ತು ಮಂದಿ ಸೇರಿದ್ದರು. ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಮುಂದೆ ಬಂದರು. ಕುರಿ ಕಾಯ್ದ ಕೈ, ಆದರೆ ಬಹಳ ನಾಜೂಕಿನ ಮನುಷ್ಯ. ಪುಸ್ತಕವನ್ನು ಎದುರಿಗೆ ಹರವಿ, ಒಂದೊಂದೇ ಭಾಗವನ್ನು ಚಿತ್ರದ ಪಕ್ಕ ಹಿಡಿದು ನೋಡಿ ಕೂಡಿಸಿದರು.

"ನೋಡ್ರಪಾ, ನನ್ನ ಮದಿವಿಗೂ ಇಷ್ಟು ಹೊಂದಾಣಿಕಿ ನೋಡಿರಲಿಲ್ಲ" ಎಂದಾಗ ಎಲ್ಲರೂ ನಕ್ಕರು.

ಕರಿ ಬಳೆಯನ್ನು ಅವರು ಚಿತ್ರದಲ್ಲಿದ್ದಂತೆಯೇ ಹಾಕಿದರು, ಸ್ಪ್ರಿಂಗನ್ನು ಬಿಳಿ ಬಳೆಯ ಕಡೆ ಮಾಡಿ. ನಾನು ನಾಲ್ಕು ಮೊಳ ದೂರದಲ್ಲಿದ್ದೆ. ಆಗಲೂ ಹೇಳಬಹುದಿತ್ತು.

ಪಂಪಿಗೆ ಮೊದಲು ನೀರು ತುಂಬಿ ಗಾಳಿ ತೆಗೆಯುತ್ತಾರಲ್ಲ, ಆಗಲೇ ಪಂಪು ಮೋಟಾರಿನ ನಡುವಿನ ಸಂದಿನಿಂದ ಹನಿಯತೊಡಗಿತು. "ಹೊಸಾದು, ಕೂಡ್ತೈತಿ ಬಿಡ್ರಿ" ಎಂದು ಯಾರೋ ಗುಂಡಿ ಒತ್ತಿಬಿಟ್ಟರು. ಸ್ಪ್ರಿಂಗು ಬಿಳಿ ಬಳೆಯನ್ನು ಕೆರೆಯುವ ಕರ್ಕಶ ಸದ್ದು ಕೇಳಿತು. ಸಂದಿನಿಂದ ನೀರು ಸುತ್ತಲೂ ಚಿಮ್ಮಿ ಹಿರಿಯರ ಪಟಕಾ ಎಲ್ಲ ತೊಯ್ದಿತು. ನಾನು ಓಡಿ ಹೋಗಿ ಬಂದ್ ಮಾಡಿದೆ. ನೀರು ಮೋಟಾರಿನ ಬೇರಿಂಗಿಗೆ ಇಳಿದಿತ್ತು.

ಹಿರಿಯರು ಪುಸ್ತಕ ಎತ್ತಿ ತಂಗಿಯ ಮುಂದೆ ಹಿಡಿದರು. "ಯವ್ವಾ, ಓದಾಕ ಬರಂಗಿಲ್ಲಂತ ನಾ ಚಿತ್ರ ನಂಬಿದ್ನಿ. ಚಿತ್ರಾನೂ ಸುಳ್ಳ ಹೇಳತೈತೇನು?"

ಸಾಹೇಬರು ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು ನೋಡಿ ಸರಿ ಅಂದಿದ್ರಲ್ರೀ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನಡುವೆ ಬಂದಳು. "ಅಕ್ಕ ಸರಿಯಾಗೇ ಹೇಳ್ಯಾಳ್ರಿ ಸರ್. ಬರಿಯೋವಾಗ ನಾನ ತಿರುವು ಮುರುವು ಮಾಡೇನಿ. ಆಕಿದೇನೂ ತಪ್ಪಿಲ್ರಿ."

ತಾನು ಮಾಡದ ತಪ್ಪನ್ನು ಅವಳು ಎಲ್ಲರ ಮುಂದೆ ತನ್ನದೆಂದು ಹೊತ್ತುಕೊಳ್ಳುವಾಗ, ನಾನು ಪಾನಾದಿಂದ ನಟ್ಟು ಬಿಚ್ಚುತ್ತ ತಲೆ ಬಗ್ಗಿಸಿಕೊಂಡೆ. ಸಾಹೇಬರು ಪುಸ್ತಕಗಳನ್ನೆಲ್ಲ ವಾಪಸು ಕಟ್ಟಿಸಿದರು. ಮುಂದಿನ ಪುಸ್ತಕಗಳನ್ನು ಬೇರೆಯವರಿಗೆ ಕೊಡೋಣ, ಸೋಮವಾರ ಆಫೀಸಿನಲ್ಲಿ ಮಾತಾಡೋಣ ಎಂದರು.

ಹಿಂದಿರುಗುವಾಗ ಟೆಂಪೋದಲ್ಲಿ ತಂಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ನಿನ್ನ ಕಣ್ಣಿಗೂ ಬೀಳಲಿಲ್ಲೇನು ಅದು?"

"ಚಿತ್ರ ಸಣ್ಣದಿತ್ತವ್ವಾ" ಎಂದೆ. ಅವಳು ಅದನ್ನೂ ನಂಬಿದಳು. ಆ ನಂಬಿಕೆಯೇ ನನ್ನನ್ನು ಸೋಮವಾರದ ತನಕ ಮೂರು ದಿನ ಸುಟ್ಟಿತು. ಮೋಸ ಹೋದವಳು ನಾನು ಎಂದುಕೊಂಡು ಸಿಟ್ಟನ್ನು ಕಾಪಾಡಿಕೊಂಡಿದ್ದೆ. ಈಗ ಆ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಸೋಮವಾರ ಅಂಗಡಿಗೆ ಕೀಲಿ ಹಾಕಿ ಹುಕ್ಕೇರಿಗೆ ಹೋದೆ. ಸಾಹೇಬರ ಕೋಣೆಯಲ್ಲಿ ತಂಗಿ ನಿಂತಿದ್ದಳು, ನನ್ನನ್ನು ನೋಡಿ ಗಾಬರಿಯಾದಳು. ನಾನು ಕೂಡಲಿಲ್ಲ.

"ಸಾಹೇಬ್ರ, ಈಕಿ ಫೋಟೊದಾಗ ಕಂಡಂಗ ಬರದಾಳ್ರಿ. ಒಳಗ ಕರಿ ಬಳಿ ತಿರುವಿ ಹಾಕಬೇಕಂತ ನಾ ಹೇಳಿದ್ದಿಲ್ಲ. ಹಾಳಿ ತಂದಾಗ ತಪ್ಪು ನೋಡೇನಿ. ನೋಡಿ, ಬೇಕಂತ ಸರಿ ಅಂದೇನಿ. ಈಕಿ ಕೆಲಸ ಕಸಗೋಬ್ಯಾಡ್ರಿ."

ತಂಗಿ ನನ್ನೆದುರಿಗೆ ಬಂದು ನಿಂತಳು.

"ನೋಡಿದ್ದೇನು? ಟೆಂಪೋದಾಗ ಕೇಳಿದಾಗೂ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಯಾಕಕ್ಕಾ?"

"ಅಂಗಡಿಗೆ ಒಯ್ಯೋದು ಬ್ಯಾಡಂತ ಬರದಿದ್ದಿ. ನನಗೊಂದು ಮಾತ ಹೇಳಲಿಲ್ಲ."

"ನೀ ಕೇಳಿದ್ರ ಹೇಳ್ತಿದ್ದೆ" ಎಂದಳು. "ಬ್ಯಾಸಗ್ಯಾಗ ಒಂದು ಸೀಲಿಗಂತ ಮಂದಿ ನಾಕ್ ನಾಕ್ ದಿವಸ ನಿನ್ನ ಬಾಗಿಲಾಗ ಕಾಯ್ತಾರ, ಬೆಳಿ ಬಾಡ್ತೈತಿ. ಅದಕ್ಕ ಬರದ್ನಿ. ನೀ ಬೈದಿದ್ರ ಬೈಸ್ಕೊಂತಿದ್ದೆ. ಇದನ್ನ ನೀ ಮಾಡ್ತಿ ಅಂದಿದ್ದಿಲ್ಲ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಬೈದಿದ್ದೇನೆ, ಉಣಿಸಿದ್ದೇನೆ, ಬುದ್ಧಿ ಹೇಳಿದ್ದೇನೆ. ಆ ಒಂದು ಮಾತನ್ನು ಮಾತ್ರ ಎಂದೂ ಆಡಿರಲಿಲ್ಲ. ಸಾಹೇಬರು ಕೇಳುತ್ತಿದ್ದಾರೆಂಬ ನಾಚಿಕೆಯನ್ನೂ ಬಿಟ್ಟು, ಅವಳ ಬೆನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ತಪ್ಪಾತವ್ವಾ. ನೀ ನಂಬಿ ಕೊಟ್ಟಿದ್ದಿ, ನಾ ಗೊತ್ತಿದ್ದೂ ಮೋಸ ಮಾಡಿದ್ನಿ. ನನ್ನ ಕ್ಷಮಾ ಮಾಡು."