ಮಂಗಳವಾರ, ಗುರುವಾರದ ಖಾನೆಗಳು

ಮಗಳು ಏಳನೇ ತರಗತಿಗೆ ಹೋದ ವರ್ಷ ನನಗೆ ಸೌತ್‌ಫೀಲ್ಡಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೈಸೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು ನಾನು. ಮದುವೆಯಾಗಿ ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಬಂದ ಮೇಲೆ ಮೊದಲು ಕೆಲಸದ ಪರ್ಮಿಟ್ಟಿಗೆ ಕಾದೆ, ಆಮೇಲೆ ಮಗು ದೊಡ್ಡದಾಗಲಿ ಎಂದು ಕಾದೆ. ಕೆಲಸದ ಸುದ್ದಿ ಹೇಳಿದಾಗ ಗಂಡ ಸಂತೋಷಪಟ್ಟಂತೆಯೇ ಕಂಡರು.

"ಬೇಡ ಅಂತ ಯಾರಂದ್ರು? ಆದ್ರೆ ಅವಳ ಸ್ಕೂಲ್ ಟೈಮಿಂಗ್ಸ್‌ಗೆ ಹೇಗೆ ಹೊಂದುತ್ತೆ, ಮೊದಲು ಅದನ್ನ ನೋಡು," ಅಂದರು.

ಸರಿ, ನೋಡಿಯೇ ತೋರಿಸುತ್ತೇನೆ ಎಂದುಕೊಂಡೆ. ಆದರೆ ಶಾಲೆಯವರು ವೇಳಾಪಟ್ಟಿಯನ್ನು ಒಂದು ಚಿತ್ರವಾಗಿ ಹಾಕಿದ್ದರು. ಅದರಲ್ಲಿ ಒಂದಕ್ಷರವನ್ನೂ ಬದಲಿಸುವ ಹಾಗಿರಲಿಲ್ಲ. ಮಗಳು ಅದನ್ನೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, "ಇಟ್ಸ್ ಆಲ್ ದೇರ್, ಅಮ್ಮಾ," ಎಂದು ಹೇಳಿ ಹೆಡ್‌ಫೋನ್ ಹಾಕಿಕೊಂಡಳು.

ಚಿತ್ರವನ್ನು ಓದಿ ಕೋಷ್ಟಕ ಮಾಡಿಕೊಡುವ ಸೌಲಭ್ಯ ಸ್ಪ್ರೆಡ್‌ಶೀಟಿನಲ್ಲಿ ಇತ್ತು. ಅದಕ್ಕೆ ಕೊಟ್ಟೆ. ಬಂದದ್ದು ಅರ್ಧ ಸರಿ, ಅರ್ಧ ತಪ್ಪು. ಬುಧವಾರ ಶಾಲೆ ಒಂದು ಗಂಟೆ ತಡವಾಗಿ ಶುರುವಾಗುವುದರಿಂದ ಆ ದಿನದ ಮೊದಲ ಖಾನೆ ಖಾಲಿ ಇತ್ತು. ಯಂತ್ರ ಆ ಖಾಲಿಯನ್ನು ನುಂಗಿಬಿಟ್ಟಿತ್ತು. ಆ ಸಾಲಿನಲ್ಲಿ ಗುರುವಾರದ ಗಣಿತ ಬುಧವಾರಕ್ಕೂ ಶುಕ್ರವಾರದ ವಿಜ್ಞಾನ ಗುರುವಾರಕ್ಕೂ ಸರಿದಿದ್ದವು. ಐದೂ ದಿನಕ್ಕೆ ಅಡ್ಡಲಾಗಿ ಹಬ್ಬಿದ್ದ ಊಟದ ವಿರಾಮದ ಖಾನೆ ಸೋಮವಾರಕ್ಕೆ ಮಾತ್ರ ಸೇರಿತ್ತು. ಎಂಟು ಬರೆದಲ್ಲಿ ಮೂರು ಬಂದಿತ್ತು. ನಂಬಿ ಬಿಟ್ಟಿದ್ದರೆ ಮಗು ಬುಧವಾರ ಬೆಳಗ್ಗೆ ಬಾಗಿಲು ತೆರೆಯದ ಶಾಲೆಯೆದುರು ನಿಂತಿರುತ್ತಿತ್ತು.

ಎಲ್ಲ ಅಳಿಸಿ ಕೈಯಲ್ಲೇ ಮಾಡಿದೆ. ಮೇಲೆ ವಾರಗಳು, ಎಡಕ್ಕೆ ಸಮಯ. ಬುಧವಾರದ ಪಿರಿಯಡ್ಡುಗಳು ಚಿಕ್ಕವು, ಎಡಗಡೆಯ ಸಮಯಕ್ಕೆ ಹೊಂದುವುದಿಲ್ಲ; ಹಾಗಾಗಿ ಅವುಗಳ ಸಮಯವನ್ನು ಆಯಾ ಖಾನೆಯೊಳಗೇ ಬರೆದೆ. ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಖಾನೆ ತಾಳೆ ನೋಡಿದೆ. ಎಷ್ಟೋ ವರ್ಷದ ಮೇಲೆ ನನ್ನ ಕಸುಬು ಮತ್ತೆ ಕೈಗೆ ಬಂದಂತಿತ್ತು. ಆ ಮಧ್ಯಾಹ್ನ ನಾನು ಖುಷಿಯಾಗಿದ್ದೆ, ಅದನ್ನು ಹೇಳಲೇಬೇಕು.

ಕೆಳಗೆ ನನ್ನದೇ ಒಂದು ಸಾಲು ಸೇರಿಸಿದೆ: ಬಿಟ್ಟುಬರುವವರು, ಕರೆತರುವವರು. ಮಂಗಳವಾರ, ಗುರುವಾರ ಶಾಲೆ ಮುಗಿದ ಮೇಲೆ ನಾಲ್ಕು ಗಂಟೆಯವರೆಗೆ ಮಗಳಿಗೆ ಆರ್ಕೆಸ್ಟ್ರಾ, ಶಾಲೆಯ ವಾದ್ಯವೃಂದದ ಅಭ್ಯಾಸ. ಅಷ್ಟು ಹೊತ್ತಿಗೆ ಸ್ಕೂಲ್ ಬಸ್ ಇರುವುದಿಲ್ಲ. ಅವೆರಡೇ ದಿನ ಗಂಡ ಮನೆಯಿಂದ ಕೆಲಸ ಮಾಡುತ್ತಿದ್ದರು. ಎರಡೂ ಖಾನೆಯಲ್ಲಿ 'ಅಪ್ಪ' ಎಂದು ಬರೆದೆ. ಬುಧವಾರ ಬೆಳಗ್ಗೆ ತಡವಾಗಿ ಶಾಲೆಗೆ ಬಿಟ್ಟುಬರುವುದಕ್ಕೆ 'ಅಮ್ಮ'; ಆ ದಿನ ತಡವಾಗಿ ಬರಲು ಕಚೇರಿಯವರು ಒಪ್ಪಿದ್ದರು. ಎಲ್ಲವೂ ಹೊಂದಿತ್ತು.

ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದಿಟ್ಟೆ. ಗಂಡ ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಮಾಡಿದೀಯ. ಆದ್ರೆ ಮನೇಲಿದ್ದೀನಿ ಅಂದ್ರೆ ಖಾಲಿ ಕೂತಿರ್ತೀನಿ ಅಂತಲ್ಲ. ನಾಲ್ಕು ಗಂಟೆಗೆ ನಂಗೆ ಕಾಲ್ ಇರುತ್ತೆ."

"ಹೋಗಿಬರೋಕೆ ಇಪ್ಪತ್ತು ನಿಮಿಷ. ಕಾರಲ್ಲೇ ಕಾಲ್ ತಗೋಬಹುದಲ್ಲ? ಇಲ್ಲಾಂದ್ರೆ ಅರ್ಧ ಗಂಟೆ ಮುಂದೆ ಹಾಕೋಕೆ ಹೇಳಿ."

"ನಿನಗದು ಅರ್ಥ ಆಗಲ್ಲ. ನೀನೇ ಮಾಡಿರೋ ಟೇಬಲ್ ನೋಡು. ವಾರದಲ್ಲಿ ಮೂರು ದಿನ ಯಾರಾದ್ರೂ ಬೇಕೇಬೇಕು ಅಂತ ಅದೇ ಹೇಳ್ತಿದೆಯಲ್ಲ."

"ಯಾರಾದ್ರೂ ಅಂದ್ರೆ ನಾನೇನಾ?"

ಅವರು ಲ್ಯಾಪ್‌ಟಾಪ್ ತಮ್ಮ ಕಡೆಗೆ ಎಳೆದುಕೊಂಡರು. ನನ್ನೆದುರಿಗೇ ಎರಡೂ 'ಅಪ್ಪ'ಗಳನ್ನು ಅಳಿಸಿ 'ಅಮ್ಮ' ಎಂದು ಟೈಪ್ ಮಾಡಿದರು. "ಈ ವರ್ಷ ಒಂದು ಹೀಗೆ ಇರ್ಲಿ," ಅಂದರು. ನಾನು ಜಗಳವಾಡಿದೆ. ಎರಡು ದಿನ ಮಾತು ಬಿಟ್ಟೆವು. ಆ ಎರಡು ದಿನವೂ ಮಗಳು ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಉಂಡಳು. ಕೊನೆಗೆ ಸೋತವಳು ನಾನೇ. ಸೌತ್‌ಫೀಲ್ಡಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಆ ಕಡೆಯ ಹೆಂಗಸು ಒಳ್ಳೆಯವಳು, ಕಾರಣ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಆ ವಾರವೇ ಗಂಡ ಕೋಷ್ಟಕವನ್ನು ನಮ್ಮ ಬಡಾವಣೆಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದರು: "ನಮ್ಮ ಮನೆಯವಳು ಮಾಡಿದ್ದು." ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು. ಸಂಜೆ ಎದುರುಮನೆಯಾಕೆ ತಮ್ಮ ಇಬ್ಬರು ಗಂಡುಮಕ್ಕಳ ವೇಳಾಪಟ್ಟಿಯ ಸ್ಕ್ರೀನ್‌ಶಾಟುಗಳನ್ನು ಕಳಿಸಿ ಫೋನ್ ಮಾಡಿದರು. ಅವರು ಆಸ್ಪತ್ರೆಯಲ್ಲಿ ಡಾಕ್ಟರು.

"ನಮ್ಮದೂ ಒಂದು ಮಾಡಿಕೊಡ್ತೀರಾ ಪ್ಲೀಸ್? ನಂಗೆ ಟೈಮೇ ಸಿಗಲ್ಲ ನೋಡಿ. ನೀವಾದ್ರೆ ಮನೇಲೇ ಇರ್ತೀರಲ್ಲ."

ಮಾಡಿಕೊಟ್ಟೆ, ಎರಡನ್ನೂ, ಒಂದು ಖಾನೆಯೂ ತಪ್ಪದಂತೆ. ಅವರ ಮನೆಯಲ್ಲಿ ಮಕ್ಕಳನ್ನು ಯಾರು ಕರೆತರುತ್ತಾರೆ ಎಂದು ಕೇಳಲು ಮನಸ್ಸಾಯಿತು, ಕೇಳಲಿಲ್ಲ. ಮಂಗಳವಾರ ನಾಲ್ಕು ಗಂಟೆಗೆ ಶಾಲೆಯೆದುರಿನ ಕಾರುಗಳ ಸಾಲಿನಲ್ಲಿ ಕಾಯುತ್ತಿದ್ದಾಗ ಮುಂದಿನ ಕಾರಿನಿಂದ ಅವರ ಗಂಡ ಇಳಿದು, ಫೋನಿನಲ್ಲಿ ಮಾತಾಡುತ್ತಲೇ ನನ್ನ ಕಡೆ ಕೈಬೀಸಿದರು.