ನಿನ್ನೆಯ ಅನ್ನ

ಅವನನ್ನು ಎಲ್ಲರೂ ಸೌಟಣ್ಣ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಹೋಟೆಲಿನ ಒಲೆಯ ಮುಂದೆ ನಿಂತವನು. ಹೋಟೆಲಿದ್ದ ಕಟ್ಟಡ ಕೆಡವಿದ ಮೇಲೆ ಬೇರೆ ಜಾಗ ಹಿಡಿಯುವುದು ಅವನ ಕೈಗೆಟುಕುವ ಮಾತಾಗಿರಲಿಲ್ಲ. ಮನೆಯ ಹಿಂದಿನ ತಗಡಿನ ಚಾವಣಿಯ ಕೆಳಗೆ ಎರಡು ದೊಡ್ಡ ಒಲೆ ಹೂಡಿ, ಆಫೀಸುಗಳಿಗೆ ಮಧ್ಯಾಹ್ನದ ಊಟ, ಸಣ್ಣಪುಟ್ಟ ಸಮಾರಂಭಗಳಿಗೆ ಅಡುಗೆ ಶುರುಮಾಡಿದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು, ಫೋನು ಎತ್ತುತ್ತಿದ್ದಳು. ಅವನು ಬೇಯಿಸುತ್ತಿದ್ದ, ಬಾಡಿಗೆ ಆಟೋದಲ್ಲಿ ಪಾತ್ರೆ ಒಯ್ಯುತ್ತಿದ್ದ.

ಹೋಟೆಲಿನ ಒಂದು ಅಭ್ಯಾಸವನ್ನು ಅವನು ಬಿಟ್ಟಿರಲಿಲ್ಲ. ಮಾಡಿದ ಪ್ರತಿ ಅಡುಗೆಯಿಂದಲೂ ಒಂದು ಬಟ್ಟಲು ತೆಗೆದು, ತಾರೀಕು ಬರೆದು, ಎರಡು ದಿನ ಫ್ರಿಜ್ಜಿನಲ್ಲಿಡುತ್ತಿದ್ದ. ಯಾರಾದರೂ ಬೆರಳು ತೋರಿಸಿದರೆ ತೋರಿಸಲು ತನ್ನ ಹತ್ತಿರವೂ ಏನಾದರೂ ಇರಲಿ ಎಂದು.

ಆ ದಿನ ಹನ್ನೊಂದು ಗಂಟೆಗೆ ಆಫೀಸೊಂದರ ಮ್ಯಾನೇಜರು ಫೋನು ಮಾಡಿದರು. ಹಿಂದಿನ ದಿನ ಅಲ್ಲಿ ಒಬ್ಬರು ನಿವೃತ್ತರಾಗಿದ್ದರು. ಸೌಟಣ್ಣ ಮೂವತ್ತೈದು ಜನಕ್ಕೆ ಅನ್ನ, ಬೇಳೆ, ಎರಡು ತರಕಾರಿ ಕಳಿಸಿದ್ದ. ಕಸ ಗುಡಿಸುವ ಇಬ್ಬರು ಹೆಂಗಸರಿಗೆ ಅವನ ಊಟ ಉಂಡು ವಾಂತಿಯಾಗುತ್ತಿದೆ ಎಂದರು ಮ್ಯಾನೇಜರು. ನಿನ್ನೆ ಮಧ್ಯಾಹ್ನ ಉಂಡವರಲ್ಲಿ ಯಾರಿಗಾದರೂ ಏನಾದರೂ ಆಗಿದೆಯೇ ಎಂದು ಇವನು ಕೇಳಿದ. ಇಲ್ಲ ಎಂದರು. ಆ ಹೆಂಗಸರು ಎಷ್ಟು ಹೊತ್ತಿಗೆ ಉಂಡರು ಎಂದು ಕೇಳಿದ್ದಕ್ಕೆ ಫೋನು ಇಟ್ಟುಬಿಟ್ಟರು.

ಸೌಟಣ್ಣನ ಕಿವಿ ಬಿಸಿಯಾಯಿತು. ದಿನವೂ ಮೂರು ಗಂಟೆಗೆ ಪಾತ್ರೆ ವಾಪಸು ತರುತ್ತಿದ್ದವನಿಗೆ ನಿನ್ನೆ ಆಫೀಸಿನವರೇ ‘ಭಾಷಣ ಮುಗಿದಿಲ್ಲ, ನಾಳೆ ಬನ್ನಿ’ ಎಂದಿದ್ದರು. ಉಳಿದದ್ದನ್ನು ಅಗಲದ ತಟ್ಟೆಗೆ ಹರವಿ ಬೇಗ ಫ್ರಿಜ್ಜಿಗಿಡಿ, ಇಲ್ಲವೇ ಚೆಲ್ಲಿ ಎಂದು ಇವನು ಎರಡು ಸಲ ಹೇಳಿ ಬಂದಿದ್ದ.

ನಾಲಿಗೆ ಬಿಗಿಹಿಡಿದು ಮಾತಾಡಬೇಕೆಂದು ಹೆಂಡತಿ ಬಾಗಿಲವರೆಗೂ ಹೇಳುತ್ತಲೇ ಬಂದಳು. ಅವನು ಸ್ಕೂಟರು ಹತ್ತಿದ.

ಆಫೀಸಿನ ಊಟದ ಕೋಣೆಯಲ್ಲಿ ಅವನ ಅನ್ನದ ಡಬ್ಬ ಮುಚ್ಚಿದ ಹಾಗೇ ಮೂಲೆಯಲ್ಲಿತ್ತು. ಬಿಸಿ ಹಿಡಿದಿಡುವ ದಪ್ಪ ಡಬ್ಬ. ಮುಚ್ಚಳ ತೆಗೆದ, ಹುಳಿ ವಾಸನೆ ಮೂಗಿಗೆ ಬಡಿಯಿತು. ರಾತ್ರಿಯಿಡೀ ಉಗುರುಬೆಚ್ಚಗಿದ್ದ ಅನ್ನ ಲೋಳೆ ಬಿಟ್ಟಿತ್ತು. ಒಂದು ಬದಿಯಿಂದ ಯಾರೋ ಬಡಿಸಿಕೊಂಡ ಗುರುತಿತ್ತು.

ಮ್ಯಾನೇಜರು ಒಂದು ಕಾಗದ ಹಿಡಿದು ಬಂದರು. ಊಟ ಕೆಟ್ಟಿತ್ತೆಂದು ಇವನು ಒಪ್ಪಿ ಸಹಿ ಹಾಕಬೇಕಂತೆ, ಮೇಲಿನವರಿಗೆ ಕಳಿಸಬೇಕಂತೆ.

ಆ ಕೋಣೆಯ ಪಕ್ಕದ ಶೌಚಾಲಯದ ಹೊರಗೆ ಕುರ್ಚಿಯಲ್ಲಿ ಒಬ್ಬ ಹೆಂಗಸು ಹೊಟ್ಟೆ ಅದುಮಿಕೊಂಡು ಕೂತಿದ್ದಳು. ಇನ್ನೊಬ್ಬಳು ಆಗಲೇ ಮನೆಗೆ ಹೋಗಿದ್ದಳು. ಯಾವಾಗ ಉಂಡಿರಿ ಎಂದು ಸೌಟಣ್ಣ ಅವಳನ್ನು ಕೇಳಿದ. ಅವಳು ಮ್ಯಾನೇಜರ ಮುಖ ನೋಡಿ, ನೆನಪಿಲ್ಲ ಎಂದಳು. ಒಂದು ಕ್ಷಣ ಅವನಿಗೆ ಅವಳ ಮೇಲೆಯೇ ರೇಗಿತು. ಆಮೇಲೆ ಅವಳು ಯಾರ ಮುಖ ನೋಡಿದಳೆಂಬುದು ಹೊಳೆಯಿತು.

“ಸರ್, ಆ ಡಬ್ಬದ ಅನ್ನ ನೀವು ಉಣ್ತೀರಾ?” ಎಂದು ಮ್ಯಾನೇಜರನ್ನು ಕೇಳಿದ.

“ಸುಮ್ನೆ ಯಾಕೆ ವೇಸ್ಟ್ ಮಾಡೋದು ಅಂತ ಕೊಟ್ವಿ. ಇವ್ರಿಗೆಲ್ಲ ಅಭ್ಯಾಸ ಇರುತ್ತೆ.”

“ಯಾವ ಅಭ್ಯಾಸ ಸರ್? ಹಳಸಿದ್ದು ತಿನ್ನೋ ಅಭ್ಯಾಸನಾ? ಕಸದ ಬುಟ್ಟಿಗೆ ಹಾಕೋದನ್ನ ಇವ್ರ ತಟ್ಟೆಗೆ ಹಾಕಿದ್ದೀರಿ. ಅದಕ್ಕೆ ನನ್ನ ಸಹಿ ಬೇಕಾ?”

ಆಫೀಸಿನಲ್ಲಿ ಕೆಲಸಕ್ಕೆ ಕೂತಿದ್ದವರೆಲ್ಲ ತಲೆ ಎತ್ತಿದರು. ತನ್ನ ಫ್ರಿಜ್ಜಿನಲ್ಲಿ ನಿನ್ನೆಯ ಬಟ್ಟಲುಗಳಿವೆ, ಯಾವ ಪ್ರಯೋಗಾಲಯಕ್ಕೆ ಬೇಕಾದರೂ ಕಳಿಸಲಿ ಎಂದ ಸೌಟಣ್ಣ. ಮ್ಯಾನೇಜರ ಕೈಯಲ್ಲಿದ್ದ ಕಾಗದವನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ಆಮೇಲೆ ಆ ಹೆಂಗಸನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ.

ಡಾಕ್ಟರಮ್ಮ ಏನು ತಿಂದೆ, ಯಾವಾಗ ತಿಂದೆ ಎಂದಾಗ ಅವಳು ಗೋಡೆ ನೋಡುತ್ತಾ ಹೇಳಿದಳು: “ಇವತ್ತು ಬೆಳಿಗ್ಗೆ ಎಂಟಕ್ಕೆ. ನಿನ್ನೆ ಅನ್ನ. ವಾಸ್ನೆ ಬಂದಿತ್ತು. ಬೇಡ ಅಂದ್ರೆ ಮುಖ ಗಂಟು ಹಾಕ್ತಾರೆ.” ಹೊರಗೆ ಬಂದ ಮೇಲೆ, “ಅಣ್ಣಾ, ಅಲ್ಲಿ ಹೇಳಕ್ಕಾಗ್ಲಿಲ್ಲ” ಎಂದಳು. ಹೇಳಬೇಕಾಗಿಲ್ಲ ತಾಯಿ ಎಂದ ಸೌಟಣ್ಣ. ಅವನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

ಆ ಆಫೀಸಿನ ಊಟ ಆ ವಾರವೇ ಬೇರೆಯವರ ಪಾಲಾಯಿತು. ಇವನ ಅಡುಗೆಗೆ ಕೆಟ್ಟ ಹೆಸರೂ ಹಬ್ಬಿತು; ಎರಡು ಸಮಾರಂಭದವರು ಹೇಳಿಟ್ಟಿದ್ದನ್ನು ಬೇಡವೆಂದರು. ಹೆಂಡತಿಯ ಕತ್ತಿಯಡಿ ಈರುಳ್ಳಿ ಎಂದಿಗಿಂತ ಜೋರಾಗಿ ತುಂಡಾಗುತ್ತಿತ್ತು.

ಅಲ್ಲಿಂದ ಮುಂದೆ ಸೌಟಣ್ಣ ಊಟ ಇಟ್ಟು ಹಿಂದಿರುಗುವುದನ್ನು ಬಿಟ್ಟ. ಊಟ ಮುಗಿಯುವವರೆಗೂ ಬಾಗಿಲ ಬಳಿ ಕೂರುತ್ತಾನೆ. ಗುಡಿಸುವವರು, ಕಾವಲಿನವರು ಎಷ್ಟು ಜನ ಎಂದು ಮೊದಲೇ ಕೇಳಿ, ಅವರನ್ನೂ ಲೆಕ್ಕಕ್ಕೆ ಸೇರಿಸಿ, ಬಿಸಿ ಇರುವಾಗಲೇ ಕರೆದು ಬಡಿಸುತ್ತಾನೆ. ಉಳಿದ ಅನ್ನವನ್ನು ತಾನೇ ಎತ್ತಿಕೊಂಡು ಬರುತ್ತಾನೆ. ಮೊನ್ನೆ ಒಬ್ಬ ಯಜಮಾನರು, ನಮ್ಮ ಮೇಲೆ ನಂಬಿಕೆ ಇಲ್ಲವೇನ್ರೀ ಎಂದು ನಗುತ್ತಾ ಕೇಳಿದರಂತೆ.

“ಇಲ್ಲ ಸರ್” ಎಂದು ಸೌಟಣ್ಣ ನಗದೆ ಡಬ್ಬದ ಮುಚ್ಚಳ ಒತ್ತಿದ.