ನೆಲ್ಲಿಕಾಯಿ ಗಾತ್ರದ ಉಂಡಿ

ಇದನ್ನು ಹೇಳುವುದನ್ನು ಎಷ್ಟೋ ನಾಗರ ಪಂಚಮಿಗಳಿಂದ ಮುಂದೂಡುತ್ತ ಬಂದಿದ್ದೇನೆ. ಉಂಡಿಯ ಡಬ್ಬಿ ಕಂಡರೆ ನೆನಪಾಗುತ್ತದೆ, ಮುಚ್ಚಳ ಹಾಕಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಬಬಲೇಶ್ವರದಲ್ಲಿ ನನ್ನ ಕಿರಾಣಿ ಅಂಗಡಿ; ಅಣ್ಣ ಬಿಜಾಪುರದಲ್ಲಿ ಸಾಲಿ ಮಾಸ್ತರ. ಅವನಿಗೆ ಒಮ್ಮೆ ಎದೆನೋವು ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟ್ರಾಲ್ ಏರಿತ್ತು.

ಡಾಕ್ಟರು ಅವನ ಹೆಂಡತಿಗೆ, ನನ್ನ ವೈನಿಗೆ, ಹೇಳಿದರು: “ಹಬ್ಬ ಬಿಡಬ್ಯಾಡ್ರಿ, ಅದನ್ನ ವಾರಗಟ್ಟಲೆ ಎಳೀಬ್ಯಾಡ್ರಿ. ವನಸ್ಪತಿ ತುಪ್ಪ ಪೂರಾ ಬಂದ್. ಮೂರು ತಿಂಗಳಿಗೆ ಮತ್ತ ರಕ್ತ ನೋಡೂಣು.”

ಆ ಪಂಚಮಿಗೆ ವೈನಿ ಶೇಂಗಾ, ಎಳ್ಳಿನ ಉಂಡಿಗಳನ್ನು ನೆಲ್ಲಿಕಾಯಿಯಷ್ಟೇ ಕಟ್ಟಿದಳು. ಬೆಲ್ಲ ಕಡಿಮೆ, ತುಪ್ಪವಿಲ್ಲ. ಮೊದಲು ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯದ ಪಚಡಿ. ಹೊಟ್ಟೆ ತುಂಬಿದ ಮೇಲೆ ಒಂದೇ ಉಂಡಿ. ಉಳಿದದ್ದನ್ನು ಅಂದೇ ನೆರೆಮನೆಗಳಿಗೆ ಹಂಚಿದಳು. ಸಂಜೆ ಅಣ್ಣನನ್ನು ಗೋಳಗುಮ್ಮಟದ ತನಕ ನಡೆಸಿಕೊಂಡು ಹೋದಳು.

“ಏನ ವೈನಿ, ಇದು ಉಂಡಿಯೋ ಗುಳಿಗಿಯೋ?” ಎಂದೆ, ಅಂದು ಊಟಕ್ಕೆ ಹೋಗಿದ್ದ ನಾನು.

“ಗುಳಿಗೀನ ಅಂತ ತಿಳಿ ತಮ್ಮಾ. ಆದರ ದಿನಾ ನುಂಗೂದಲ್ಲ, ಹಬ್ಬಕ್ಕೊಂದು.”

ಊಟಕ್ಕೆ ಕೂತವರೆಲ್ಲ ನಕ್ಕರು. ನನಗೆ ಚುಚ್ಚಿತು. ಹುಟ್ಟಿದ ಮನೆಯ ಉಂಡಿ ತಿನ್ನದ ಪಂಚಮಿ ಎಂಥ ಪಂಚಮಿ?

ವಾರಕ್ಕೊಮ್ಮೆ ಅಂಗಡಿಗೆ ಮಾಲು ತರಲು ಬಿಜಾಪುರಕ್ಕೆ ಹೋಗುತ್ತಿದ್ದೆ. ಸಾಲಿಯ ಗೇಟಿನಲ್ಲಿ ಅಣ್ಣನ ಕೈಗೆ ನಮ್ಮ ಮನೆಯ ಬೇಸನ್ ಉಂಡಿಯ ಡಬ್ಬಿ ಕೊಟ್ಟೆ. ವನಸ್ಪತಿಯಲ್ಲಿ ಹುರಿದು ಕಟ್ಟಿದವು.

“ಮನ್ಯಾಗ ಹೇಳಬ್ಯಾಡ ಲೇ,” ಎಂದ.

“ಹುಚ್ಚೇನ ನನಗ?”

ಪಂಚಮಿ ಮುಗಿಯಿತು, ಡಬ್ಬಿ ನಿಲ್ಲಲಿಲ್ಲ. ವಾರಕ್ಕೊಂದರಂತೆ ದೀಪಾವಳಿ ಹತ್ತಿರ ಬರುವವರೆಗೂ ಒಯ್ದೆ.

ಎರಡನೆಯ ರಿಪೋರ್ಟಿನ ದಿನ ಅಣ್ಣ, ವೈನಿ, ನಾನು ಮೂವರೂ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆವು. ಆ ವಾರದ ಡಬ್ಬಿ ನನ್ನ ಕಾಲ ಬಳಿಯ ಚೀಲದಲ್ಲಿತ್ತು.

ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. “ಮೊದಲಿಗಿಂತ ಏರೇದಲ್ರಿ! ಅಡಿಗಿ ಯಾರು ಮಾಡ್ತೀರಿ?”

“ನಾನರಿ,” ವೈನಿ ಎದ್ದು ನಿಂತಳು.

“ಹಿಂಗ ಮಾಡಿದ್ರ ಇವರ ಎದಿ ತಡಿಯೂದಿಲ್ಲ.”

ಅಣ್ಣ ನೆಲ ನೋಡಿದ. ವೈನಿ ಸೆರಗಿನ ತುದಿ ಹಿಂಡುತ್ತ ನನ್ನ ಕಡೆ ತಿರುಗಿದಳು. “ತಮ್ಮಾ, ನೀ ನೋಡೀದಿ. ನಾ ಎಲ್ಲಿ ತಪ್ಪೇನಿ, ಹೇಳ.”

ಕಾಲಿನಿಂದ ಚೀಲವನ್ನು ಬೆಂಚಿನ ಕೆಳಗೆ ಸರಿಸಿದೆ. “ಎಣ್ಣಿ ಒಂದೆರಡು ಚಮಚ ಹೆಚ್ಚಾಗಿರಬೇಕು, ವೈನಿ.”

ಆ ದೀಪಾವಳಿ ಅವರ ಮನೆಯಲ್ಲಿ ಸಿಹಿಯ ಬಾಣಲೆ ಒಲೆ ಏರಲಿಲ್ಲ. ನಾನು ಡಬ್ಬಿ ಒಯ್ಯುವುದನ್ನು ಸದ್ದಿಲ್ಲದೆ ಬಿಟ್ಟೆ. ಮೂರು ತಿಂಗಳಲ್ಲಿ ಅಣ್ಣನ ಅಂಕಿ ಇಳಿಯಿತು.

“ನೋಡ್ರಿ, ಈಗ ಅಳತಿ ಸರಿಯಾತು,” ಎಂದರು ಡಾಕ್ಟರು. ಮೊದಲು ತಪ್ಪಿದ್ದು ತನ್ನ ಕೈಯೇ ಎಂಬಂತೆ ವೈನಿ ತಲೆಯಾಡಿಸಿದಳು. ಸಾಯುವವರೆಗೂ ಹಾಗೆಂದೇ ನಂಬಿದ್ದಳು.

ಈಗ ನನ್ನ ರಕ್ತದಲ್ಲೂ ಕೊಬ್ಬು ಏರಿದೆ. ಪಂಚಮಿಗೆ ರೊಟ್ಟಿ ಪಲ್ಯ ಉಂಡು, ನೆಲ್ಲಿಕಾಯಿಯಷ್ಟು ಒಂದೇ ಉಂಡಿ ತಿಂದು, ಸಂಜೆ ನಡೆದು ಬರುತ್ತೇನೆ. ಅಂಕಿ ಹದದಲ್ಲಿದೆ. ಆ ಪದ್ಧತಿ ಕಟ್ಟಿದವಳ ಮುಂದೆ ಒಮ್ಮೆಯೂ ತಪ್ಪಾಯಿತು ಎನ್ನಲಿಲ್ಲ. ಅವಳು ನನ್ನ ವೈನಿ.